ಹಾಳೆ ತಟ್ಟೆಯ ಹೊಸ ಯಂತ್ರ ಕೊಳ್ಳಬೇಕೇ? ನಗದಿನ ಲೆಕ್ಕವನ್ನು ಸರಿಯಾಗಿ ಹಾಕುವ ಬಗೆ

ಬದಿಯಡ್ಕದ ಕಡೆಯ ಇಬ್ಬರು ಅಣ್ಣತಮ್ಮಂದಿರು ಪಾಲುದಾರಿಕೆಯಲ್ಲಿ ಅಡಿಕೆ ಹಾಳೆ ತಟ್ಟೆಯ ಘಟಕ ನಡೆಸುತ್ತಾರೆ. ಅವರಲ್ಲಿ ಎರಡು ಹಳೆಯ ಯಂತ್ರಗಳಿವೆ. ಮೂರನೆಯದಾಗಿ ಒಂದು ಹೈಡ್ರಾಲಿಕ್ ಯಂತ್ರ ಕೊಳ್ಳುವ ಆಲೋಚನೆ ಬಂದಾಗ, ಬ್ಯಾಂಕಿಗೆ ಕೊಡಲು ಬರೆಸಿದ್ದ ಯೋಜನಾ ವರದಿಯನ್ನು ನನ್ನ ಮುಂದಿಟ್ಟರು. ಅದರ ಪ್ರಕಾರ ಯಂತ್ರದಿಂದ ನಷ್ಟ. ತಮ್ಮನಿಗೆ ಮಾತ್ರ ಲಾಭವಿದೆ ಎಂಬ ನಂಬಿಕೆ. ಲೆಕ್ಕವನ್ನು ಬಿಚ್ಚಿ ನೋಡಿದಾಗ ವರದಿ ಬರೆದವರು, ತಮ್ಮ ಇಬ್ಬರೂ ತಪ್ಪಿದ್ದು ಗೊತ್ತಾಯಿತು. ವರದಿಯಲ್ಲಿ ಸೇರಬಾರದ ವೆಚ್ಚಗಳು ಸೇರಿದ್ದವು. ತಮ್ಮನ ಮನಸ್ಸಿನ ಲೆಕ್ಕದಲ್ಲಿ ಸೇರಲೇಬೇಕಾದ ಹಣ ಬಿಟ್ಟುಹೋಗಿತ್ತು. ಆ ಲೆಕ್ಕವನ್ನು ಮೊದಲಿನಿಂದ ಹಾಕಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಮೊದಲು ಎರಡು ಚಿತ್ರ ಬರೆಯಿರಿ

ಕಾಗದದ ಮೇಲೆ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ‘ಯಂತ್ರ ಕೊಂಡರೆ’, ಬಲಕ್ಕೆ ‘ಕೊಳ್ಳದಿದ್ದರೆ’. ಎರಡೂ ಕಡೆ ಮುಂದಿನ ಐದು ವರ್ಷ ಕೈಗೆ ಬರುವ, ಕೈಬಿಡುವ ಹಣವನ್ನು ಬರೆಯುತ್ತಾ ಹೋಗಿ. ಎರಡೂ ಕಡೆ ಒಂದೇ ಮೊತ್ತ ಬಂದರೆ ಅದನ್ನು ಹೊಡೆದುಹಾಕಿ. ಉಳಿಯುವ ವ್ಯತ್ಯಾಸವೇ ಹೆಚ್ಚುವರಿ ನಗದು ಹರಿವು. ಯಂತ್ರವನ್ನು ಅಳೆಯಬೇಕಾದದ್ದು ಆ ವ್ಯತ್ಯಾಸದಿಂದ ಮಾತ್ರ, ಘಟಕದ ಒಟ್ಟು ಲಾಭದಿಂದಲ್ಲ.

ಹೊಸ ಯಂತ್ರ ವರ್ಷಕ್ಕೆ 1,80,000 ತಟ್ಟೆ ಒತ್ತಬಲ್ಲದು. ವರದಿ ಬರೆದವರು ಅಷ್ಟನ್ನೂ ಆದಾಯಕ್ಕೆ ಸೇರಿಸಿದ್ದರು. ಆದರೆ ಅದರಲ್ಲಿ 30,000 ತಟ್ಟೆಗಳನ್ನು ಈಗಲೂ ಹಳೆಯ ಯಂತ್ರಗಳಲ್ಲಿ ಒತ್ತಿ ಮಾರುತ್ತಿದ್ದಾರೆ. ಹೊಸದು ಬಂದರೆ ಆ ಕೆಲಸ ಇದಕ್ಕೆ ಜಾರುತ್ತದೆ, ಅಷ್ಟೇ. ಆದ್ದರಿಂದ ನಿಜಕ್ಕೂ ಹೆಚ್ಚುವುದು 1,50,000 ತಟ್ಟೆ. ತಟ್ಟೆಗೆ 3.50 ರೂಪಾಯಿಯಂತೆ 5,25,000 ರೂಪಾಯಿ. ಇದಕ್ಕೆ ಹಾಳೆಯ ಖರೀದಿ 1,80,000, ಹೆಚ್ಚುವರಿ ಆಳಿನ ಸಂಬಳ 1,10,000, ವಿದ್ಯುತ್ ಮತ್ತು ಪ್ಯಾಕಿಂಗ್ 35,000. ಕಳೆದರೆ ವರ್ಷಕ್ಕೆ 2,00,000 ಉಳಿಯುತ್ತದೆ. ಈಗಾಗಲೇ ಇರುವ ಮೇಸ್ತ್ರಿಯ ಸಂಬಳದಲ್ಲಿ ಒಂದು ಪಾಲನ್ನು ಯಂತ್ರದ ತಲೆಗೆ ಕಟ್ಟಬೇಡಿ. ಯಂತ್ರ ಬಂದರೂ ಬರದಿದ್ದರೂ ಅವರಿಗೆ ಅಷ್ಟೇ ಕೊಡುತ್ತೀರಿ.

ಯಂತ್ರದ ಬೆಲೆ ಸಾಗಣೆ, ಅಳವಡಿಕೆ, ವಯರಿಂಗ್ ಸೇರಿ 4,00,000. ಇದರಲ್ಲಿ ಜಿಎಸ್‌ಟಿಯೂ ಸೇರಿದೆ. ಮಾರುವ ವಸ್ತುವಿಗೆ ಜಿಎಸ್‌ಟಿ ವಿನಾಯಿತಿ ಇದ್ದರೆ ಯಂತ್ರದ ಮೇಲೆ ಕೊಟ್ಟ ಜಿಎಸ್‌ಟಿ ಹಿಂದಿರುಗಿ ಸಿಗುವುದಿಲ್ಲ, ಅದು ವೆಚ್ಚಕ್ಕೇ ಸೇರುತ್ತದೆ. ನೀವು ಮಾರುವ ವಸ್ತುವಿಗೆ ತೆರಿಗೆ ಇದ್ದು, ಕೊಟ್ಟದ್ದನ್ನು ಜಮಾ ಪಡೆಯುವವರಾದರೆ ಜಿಎಸ್‌ಟಿ ಬಿಟ್ಟು ಉಳಿದ ಬೆಲೆಯನ್ನು ಮಾತ್ರ ಹಿಡಿಯಿರಿ.

ಮುಳುಗಿದ ಹಣ, ಮತ್ತು ಮುಳುಗಿದಂತೆ ಕಾಣುವ ಹಣ

ಕಳೆದ ವರ್ಷ ಅಣ್ಣತಮ್ಮಂದಿರು ಹೊಸ ಆಕಾರದ ತಟ್ಟೆಗಳ ಪ್ರಯೋಗ ಮಾಡಿದ್ದರು. ಬಾಡಿಗೆಗೆ ಅಚ್ಚು ತಂದು, ಮಾದರಿ ಒತ್ತಿ, ಮಂಗಳೂರಿನ ವ್ಯಾಪಾರಿಗಳಿಗೆ ಕಳುಹಿಸಿ, ಕೊನೆಗೆ ಯೋಜನಾ ವರದಿ ಬರೆಸುವವರೆಗೆ 60,000 ರೂಪಾಯಿ ಖರ್ಚಾಗಿತ್ತು. ವರದಿಯಲ್ಲಿ ಇದನ್ನು ಯಂತ್ರದ ವೆಚ್ಚಕ್ಕೆ ಸೇರಿಸಿದ್ದರು. ಅಣ್ಣ ಕೇಳಿದರು: ‘ಅದು ಈ ಯಂತ್ರಕ್ಕಾಗಿಯೇ ಮಾಡಿದ ಖರ್ಚು. ಅದನ್ನು ಬಿಟ್ಟರೆ ಲೆಕ್ಕ ಸುಳ್ಳಾಗುವುದಿಲ್ಲವೇ?’

ಯಾವುದಕ್ಕಾಗಿ ಮಾಡಿದ್ದು ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಇವತ್ತು ಬೇಡವೆಂದರೆ ಅದು ಮರಳಿ ಬರುತ್ತದೆಯೇ ಎಂಬುದು ಪ್ರಶ್ನೆ. ಆ 60,000 ಗೆರೆಯ ಎಡಕ್ಕೂ ಹೋಗಿದೆ, ಬಲಕ್ಕೂ ಹೋಗಿದೆ. ಹೊಡೆದುಹಾಕಬೇಕು. ಅದರಿಂದ ಸಿಗುವ ತೆರಿಗೆ ಕಡಿತವೂ ಎರಡೂ ಕಡೆ ಒಂದೇ, ಅದನ್ನೂ ಹೊಡೆದುಹಾಕಬೇಕು. ಇಡೀ ಉದ್ಯಮ ಇದುವರೆಗೆ ಲಾಭ ತಂದಿದೆಯೇ ಎಂದು ನೋಡುವಾಗ ಆ ಮೊತ್ತಕ್ಕೆ ಸ್ಥಾನವಿದೆ. ಮುಂದಿನ ಹೆಜ್ಜೆ ಇಡಬೇಕೇ ಎಂದು ನೋಡುವಾಗ ಇಲ್ಲ.

ಶೆಡ್ಡಿನ ವಿಷಯ ಇದಕ್ಕಿಂತ ಸೂಕ್ಷ್ಮ. ಎರಡು ವರ್ಷದ ಹಿಂದೆ 3,00,000 ಖರ್ಚು ಮಾಡಿ ಕಟ್ಟಿದ ಶೆಡ್ಡಿನಲ್ಲಿ ಯಂತ್ರ ಕೂರಿಸುವ ಯೋಚನೆ ಇತ್ತು. ವರದಿ ಅದರಲ್ಲಿ ಅರ್ಧವನ್ನು, ಅಂದರೆ 1,50,000 ರೂಪಾಯಿಯನ್ನು ಯಂತ್ರಕ್ಕೆ ಹಾಕಿತ್ತು. ತಮ್ಮ ಇನ್ನೊಂದು ತುದಿಗೆ ಹೋಗಿ, ‘ಶೆಡ್ ನಮ್ಮದೇ ಅಲ್ಲವೇ, ಅದಕ್ಕೇನು ಖರ್ಚು?’ ಎಂದರು. ಕಟ್ಟಿದ ಹಣ ಮುಳುಗಿದ್ದು ನಿಜ. ಆದರೆ ಆ ಶೆಡ್ಡನ್ನು ನೆರೆಯವರೊಬ್ಬರು ಅಡಿಕೆ ದಾಸ್ತಾನಿಗೆ ತಿಂಗಳಿಗೆ 2,000 ರೂಪಾಯಿ ಬಾಡಿಗೆಗೆ ಹಿಡಿದಿದ್ದರು. ಯಂತ್ರ ಬಂದರೆ ಅವರನ್ನು ಬಿಡಿಸಬೇಕು. ವರ್ಷಕ್ಕೆ 24,000 ಕೈತಪ್ಪುತ್ತದೆ. ಅದು ಗೆರೆಯ ಬಲಗಡೆ ಮಾತ್ರ ಇರುವ ಹಣ, ಆದ್ದರಿಂದ ಲೆಕ್ಕಕ್ಕೆ ಬರಲೇಬೇಕು. ಒಂದೇ ಶೆಡ್ಡಿನ ಕಟ್ಟಡ ವೆಚ್ಚ ಲೆಕ್ಕದಿಂದ ಹೊರಗೆ, ಅದರ ಬಾಡಿಗೆ ಒಳಗೆ. ಶೆಡ್ ಖಾಲಿ ಬಿದ್ದಿದ್ದು ಬಾಡಿಗೆಗೆ ಯಾರೂ ಬಾರದ ಜಾಗವಾಗಿದ್ದರೆ ಎರಡೂ ಸೊನ್ನೆ.

ಮುಂಗಡ ಕೊಟ್ಟಿದ್ದರೆ ಅದನ್ನು ಒಂದೇ ಏಟಿಗೆ ‘ಮುಳುಗಿದ್ದು’ ಎನ್ನಬೇಡಿ. ರಸೀದಿ ತೆಗೆದು ಓದಿ. 50,000 ಮುಂಗಡದಲ್ಲಿ ರದ್ದು ಮಾಡಿದರೆ 30,000 ಮರಳಿ ಬರುವುದಾದರೆ, ಮುಳುಗಿದ್ದು 20,000 ಮಾತ್ರ.

ಹೀಗೆ 2,00,000ದಲ್ಲಿ ಬಾಡಿಗೆ 24,000 ಕಳೆದು 1,76,000 ಉಳಿಯಿತು. ಪಾಲುದಾರಿಕೆ ಸಂಸ್ಥೆಗೆ ಆದಾಯ ತೆರಿಗೆ 30 ಶೇಕಡಾ, ಅದರ ಮೇಲೆ 4 ಶೇಕಡಾ ಸೆಸ್, ಒಟ್ಟು 31.2 ಶೇಕಡಾ. ಬಾಡಿಗೆ ಆದಾಯದ ತೆರಿಗೆ ನಿಯಮ ಸ್ವಲ್ಪ ಬೇರೆ, ಆದರೆ ಮೊತ್ತ ಸಣ್ಣದಾದ್ದರಿಂದ ಅದಕ್ಕೂ ಇದೇ ದರ ಇಟ್ಟಿದ್ದೇನೆ. ಯಂತ್ರದ ಬೆಲೆಯನ್ನು ವರ್ಷಗಳಿಗೆ ಹಂಚಿ ಬರೆಯುವ ಸವಕಳಿಯನ್ನು ಇನ್ನೂ ಮುಟ್ಟದೆ ತೆರಿಗೆ ಕಳೆದರೆ ವರ್ಷಕ್ಕೆ 1,21,088 ರೂಪಾಯಿ.

ಸವಕಳಿ: ಹಣ ಹೋಗುವುದಿಲ್ಲ, ತೆರಿಗೆ ಉಳಿಯುತ್ತದೆ

ವರದಿಯಲ್ಲಿ 4,00,000ವನ್ನು ಐದರಿಂದ ಭಾಗಿಸಿ ವರ್ಷಕ್ಕೆ 80,000 ಸವಕಳಿ ಎಂದು ಖರ್ಚಿನ ಸಾಲಿನಲ್ಲಿ ಕಳೆದಿದ್ದರು. ಯಂತ್ರಕ್ಕೆ ಮೊದಲ ದಿನವೇ 4,00,000 ಕೊಟ್ಟಾಗಿದೆ. ಮತ್ತೆ ವರ್ಷಕ್ಕೆ 80,000 ಕಳೆದರೆ ಒಂದೇ ಯಂತ್ರಕ್ಕೆ ಎರಡು ಬಾರಿ ಹಣ ಕೊಟ್ಟಂತಾಗುತ್ತದೆ. ಸವಕಳಿಯ ಹೆಸರಿನಲ್ಲಿ ಯಾರಿಗೂ ಚೆಕ್ ಬರೆಯುವುದಿಲ್ಲ. ಅದು ನಗದಿಗೆ ತಾಗುವುದು ಒಂದೇ ದಾರಿಯಿಂದ: ತೆರಿಗೆ ಹಾಕುವ ಲಾಭವನ್ನು ತಗ್ಗಿಸಿ ತೆರಿಗೆ ಉಳಿಸುತ್ತದೆ.

ಎಷ್ಟು ಉಳಿಸುತ್ತದೆ ಎಂದು ತಿಳಿಯಲು ಲೆಕ್ಕಪುಸ್ತಕದ ಸವಕಳಿಯನ್ನು ಹಿಡಿಯಬಾರದು, ಆದಾಯ ತೆರಿಗೆಯವರು ಒಪ್ಪುವ ಸವಕಳಿಯನ್ನೇ ಹಿಡಿಯಬೇಕು. ಸಾಮಾನ್ಯ ಯಂತ್ರೋಪಕರಣಗಳಿಗೆ ದರ 15 ಶೇಕಡಾ. ಅದೂ ಪ್ರತಿ ವರ್ಷ ಇಳಿದು ಉಳಿದ ಮೌಲ್ಯದ ಮೇಲೆ. ಮೊದಲ ವರ್ಷ 4,00,000ದ ಮೇಲೆ 60,000 ಸವಕಳಿ, ಅದರ 31.2 ಶೇಕಡಾ, ಅಂದರೆ 18,720 ತೆರಿಗೆ ಉಳಿತಾಯ. ಎರಡನೆಯ ವರ್ಷ ಉಳಿದ 3,40,000ದ ಮೇಲೆ 51,000 ಸವಕಳಿ, ಉಳಿತಾಯ 15,912. ಹೀಗೆ ಇಳಿಯುತ್ತಾ ಮೂರು, ನಾಲ್ಕು, ಐದನೆಯ ವರ್ಷಗಳಲ್ಲಿ 13,525, 11,496, 9,772.

ಸರಿಯಾಗಿ ಹಾಕಿದ್ದೀರಾ ಎಂದು ಪರೀಕ್ಷಿಸಲು ಎರಡು ದಾರಿಯಲ್ಲಿ ಹೋಗಿ ನೋಡಿ. ಮೊದಲ ವರ್ಷ 1,76,000ದಲ್ಲಿ ಸವಕಳಿ 60,000 ಕಳೆದರೆ 1,16,000. ಅದರ ತೆರಿಗೆ 36,192 ಕೊಟ್ಟರೆ 79,808. ನಿಜಕ್ಕೂ ಕೈಬಿಡದ 60,000ವನ್ನು ಮರಳಿ ಕೂಡಿಸಿದರೆ 1,39,808. ಇನ್ನೊಂದು ದಾರಿ: 1,21,088ಕ್ಕೆ 18,720 ಕೂಡಿಸಿ. ಅದೂ 1,39,808. ಎರಡು ಉತ್ತರ ಬೇರೆ ಬಂದರೆ ಎಲ್ಲೋ ಸವಕಳಿಯನ್ನು ಕಳೆದು ಮರಳಿ ಕೂಡಿಸಲು ಮರೆತಿದ್ದೀರಿ, ಇಲ್ಲವೇ ಎರಡು ಬಾರಿ ಕೂಡಿಸಿದ್ದೀರಿ.

ಐದು ವರ್ಷದ ಕೊನೆಗೆ ಏನಾಗುತ್ತದೆ ಎಂಬಲ್ಲಿ ಬಹಳ ಜನ ಎಡವುತ್ತಾರೆ. ಆಗ ತೆರಿಗೆ ಲೆಕ್ಕದಲ್ಲಿ ಯಂತ್ರದ ಮೌಲ್ಯ ಇನ್ನೂ 1,77,482 ಉಳಿದಿರುತ್ತದೆ. ಐದು ವರ್ಷ ಮುಗಿದು ಆರನೆಯ ವರ್ಷದ ಆರಂಭದಲ್ಲಿ ಹಳೆಯ ಯಂತ್ರವನ್ನು 60,000ಕ್ಕೆ ಮಾರಿದರೆ ಉಳಿದ 1,17,482 ಆಗಲೇ ನಷ್ಟವೆಂದು ಬರೆದುಕೊಳ್ಳಬಹುದು ಎಂದು ಪಠ್ಯಪುಸ್ತಕ ಓದಿದವರಿಗೆ ಅನಿಸುತ್ತದೆ. ಆದರೆ ನಮ್ಮ ದೇಶದ ತೆರಿಗೆ ಲೆಕ್ಕದಲ್ಲಿ ಒಂದೇ ದರದ ಯಂತ್ರಗಳೆಲ್ಲ ಒಂದೇ ಗುಂಪು. ಮಾರಿದ 60,000ವನ್ನು ಗುಂಪಿನ ಮೌಲ್ಯದಿಂದ ಕಳೆಯುತ್ತಾರೆ. ಗುಂಪಿನಲ್ಲಿ ಬೇರೆ ಯಂತ್ರಗಳು ಉಳಿದಿರುವವರೆಗೆ ಮಿಕ್ಕ ಮೌಲ್ಯದ ಮೇಲೆ ವರ್ಷ ವರ್ಷವೂ 15 ಶೇಕಡಾ ಸವಕಳಿ ಸಿಗುತ್ತಲೇ ಇರುತ್ತದೆ. ಯಂತ್ರ ಹೋದರೂ ಅದರ ಸವಕಳಿಯ ಬಾಲ ಉಳಿಯುತ್ತದೆ. ಆ ಬಾಲದ ಬೆಲೆಯನ್ನು ಒಂದೇ ಸಾಲಿನಲ್ಲಿ ತೆಗೆಯಬಹುದು. `C` ಉಳಿದ ಮೌಲ್ಯ, `d` ಸವಕಳಿ ದರ, `t` ತೆರಿಗೆ ದರ, `r` ನೀವು ಬಯಸುವ ಪ್ರತಿಫಲದ ದರ:

```
C*d*t/(r+d)
117482*0.15*0.312/(0.12+0.15) = 20364
```

ಇದು ಐದನೆಯ ವರ್ಷದ ಕೊನೆಯಲ್ಲಿ ನಿಂತು ನೋಡಿದ ಬೆಲೆ. `r` ಅನ್ನು 12 ಶೇಕಡಾ ಇಟ್ಟದ್ದಕ್ಕೆ ಕಾರಣವಿದೆ: ಇಷ್ಟೇ ಅಪಾಯದ ಬೇರೆ ಕೆಲಸಕ್ಕೆ ಹಣ ಹಾಕಿದರೆ ಅಷ್ಟಾದರೂ ಬರಬೇಕೆಂದು ಅಣ್ಣತಮ್ಮಂದಿರು ಒಪ್ಪಿದರು. ಬ್ಯಾಂಕಿನ ಬಡ್ಡಿಯನ್ನು ಪ್ರತ್ಯೇಕವಾಗಿ ಕಳೆಯಲಿಲ್ಲ. ಹಣದ ಬೆಲೆ ಈ ದರದಲ್ಲೇ ಸೇರಿದೆ. ಮತ್ತೆ ಬಡ್ಡಿ ಕಳೆದರೆ ಎರಡು ಬಾರಿ ಕಳೆದಂತೆ. ಗುಂಪಿನಲ್ಲಿ ಒಂದೂ ಯಂತ್ರ ಉಳಿಯದೆ ಘಟಕವೇ ಮುಚ್ಚಿದರೆ ಮಾತ್ರ ಉಳಿದ ಮೌಲ್ಯ ಬಂಡವಾಳ ನಷ್ಟವಾಗುತ್ತದೆ, ಆಗ ಈ ಸೂತ್ರ ನಡೆಯದು.

ತಿಂಗಳನ್ನೂ ಗಮನಿಸಿ. ಆ ಆರ್ಥಿಕ ವರ್ಷದಲ್ಲಿ ಯಂತ್ರ 180 ದಿನಕ್ಕಿಂತ ಕಡಿಮೆ ಬಳಕೆಯಾದರೆ ಮೊದಲ ವರ್ಷ ಅರ್ಧ ಸವಕಳಿ ಮಾತ್ರ. ಜನವರಿಯಲ್ಲಿ ಕೂರಿಸಿದರೆ ಮೊದಲ ಉಳಿತಾಯ 18,720 ಅಲ್ಲ, 9,360. ಇವರು ಏಪ್ರಿಲ್‌ನಲ್ಲಿ ಕೂರಿಸುವುದಾಗಿ ನಿಶ್ಚಯಿಸಿದರು. ಸರಕಾರದ ಸಹಾಯಧನ ಸಿಕ್ಕಿದರೆ ಅದು ಮೊದಲ ದಿನದ ಹೊರೆಯನ್ನು ಇಳಿಸುತ್ತದೆ, ಜೊತೆಗೆ ಸವಕಳಿ ಲೆಕ್ಕದ ಬೆಲೆಯನ್ನೂ ಅಷ್ಟೇ ಇಳಿಸುತ್ತದೆ. ಮೊದಲನೆಯದನ್ನು ಮಾತ್ರ ಬರೆಯುವುದು ಸಾಮಾನ್ಯ ತಪ್ಪು.

ನಮ್ಮ ಊರಿನ ಸಣ್ಣ ಘಟಕಗಳಲ್ಲಿ ಹಲವು ವಹಿವಾಟಿನ ಇಂತಿಷ್ಟು ಪಾಲನ್ನು ಲಾಭವೆಂದು ತೋರಿಸಿ ಅಂದಾಜು ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತವೆ. ಅಲ್ಲಿ ಸವಕಳಿಯನ್ನು ಆಗಲೇ ಕೊಟ್ಟಾಗಿದೆ ಎಂದು ಕಾನೂನು ಭಾವಿಸುತ್ತದೆ. ಹಾಗಾಗಿ ಸವಕಳಿಯ ತೆರಿಗೆ ಉಳಿತಾಯಕ್ಕೆ ಸೊನ್ನೆ ಬರೆಯಬೇಕು. ತೆರಿಗೆಯನ್ನೂ ನಿಜ ಲಾಭದ ಮೇಲಲ್ಲ, ಆ ಪದ್ಧತಿಯಲ್ಲಿ ನೀವು ತೋರಿಸುವ ಲಾಭ ಎಷ್ಟು ಹೆಚ್ಚುತ್ತದೋ ಅದರ ಮೇಲೆ ಹಾಕಬೇಕು. ಒಂದು ಪದ್ಧತಿಯ ತೆರಿಗೆಯನ್ನೂ ಇನ್ನೊಂದರ ಸವಕಳಿಯನ್ನೂ ಬೆರೆಸಿದ ಲೆಕ್ಕಗಳನ್ನು ನಾನು ಹಲವು ಸಲ ಕಂಡಿದ್ದೇನೆ. ಈ ಅಣ್ಣತಮ್ಮಂದಿರದು ಪೂರ್ಣ ಲೆಕ್ಕಪುಸ್ತಕ ಇಡುವ ಸಂಸ್ಥೆ, ಮತ್ತು ಪ್ರತಿ ವರ್ಷ ತೆರಿಗೆ ಹಾಕುವಷ್ಟು ಲಾಭವಿದೆ. ಲಾಭವಿಲ್ಲದ ವರ್ಷ ಸವಕಳಿಯಿಂದ ತೆರಿಗೆ ಉಳಿಯುವುದಿಲ್ಲ. ಅದು ಮುಂದಿನ ವರ್ಷಗಳಿಗೆ ಸರಿಯುತ್ತದೆ, ತಡವಾದಷ್ಟೂ ಅದರ ಬೆಲೆ ತಗ್ಗುತ್ತದೆ.

ಮಳೆಗಾಲದ ಹಾಳೆ

ತಮ್ಮನ ಲೆಕ್ಕದಲ್ಲಿ ಬಿಟ್ಟುಹೋಗಿದ್ದದ್ದು ದುಡಿಯುವ ಬಂಡವಾಳ. ಇದು ಪುಸ್ತಕದ ಮಾತಾಗಿ ಕೇಳುತ್ತದೆ, ಆದರೆ ಅವರ ಅಟ್ಟ ಹತ್ತಿ ನೋಡಿದರೆ ಕಣ್ಣಿಗೆ ಕಾಣುತ್ತದೆ. ಒಣ ಹಾಳೆಯನ್ನು ಬೇಸಗೆಯಲ್ಲೇ ತೋಟಗಳಿಂದ ಹೆಕ್ಕಿ ತರಬೇಕು. ಮಳೆ ಹಿಡಿದ ಮೇಲೆ ಬಿದ್ದ ಹಾಳೆ ನೆನೆದು ಬೂಸಲು ಹಿಡಿಯುತ್ತದೆ, ತಟ್ಟೆಯ ಮೇಲೆ ಕಪ್ಪು ಚುಕ್ಕೆ ಬರುತ್ತದೆ, ವ್ಯಾಪಾರಿ ಹಿಂದಿರುಗಿಸುತ್ತಾನೆ. ಆದ್ದರಿಂದ ಜೂನ್‌ನಿಂದ ಮುಂದಿನ ಸುಮಾರು ಆರು ತಿಂಗಳ ಹಾಳೆಯನ್ನು ಮೊದಲೇ ಕಟ್ಟುಕಟ್ಟಿ ಒಣ ಜಾಗದಲ್ಲಿ ಪೇರಿಸಿಡಬೇಕು. ತೋಟದವರಿಗೆ ಕೈಯಲ್ಲಿ ಕಾಸು ಕೊಟ್ಟೇ ಕೊಳ್ಳಬೇಕು, ಸಾಲದ ಮಾತಿಲ್ಲ.

ಹೊಸ ಯಂತ್ರಕ್ಕೆ ವರ್ಷಕ್ಕೆ 1,80,000ದ ಹಾಳೆ ಬೇಕಾದರೆ ಅದರಲ್ಲಿ ಅರ್ಧ, 90,000, ಅಟ್ಟದಲ್ಲಿ ಕೂತಿರುತ್ತದೆ. ಇತ್ತ ವ್ಯಾಪಾರಿಗಳು ಸುಮಾರು ಒಂದು ತಿಂಗಳು ಬಿಟ್ಟು ಹಣ ಕೊಡುತ್ತಾರೆ. ಅಲ್ಲಿ 45,000 ಸಿಲುಕಿರುತ್ತದೆ. ನಾವು ಯಾರಿಗೂ ಬಾಕಿ ಇಟ್ಟುಕೊಳ್ಳದ ಕಾರಣ ಕಳೆಯಲು ಏನೂ ಇಲ್ಲ. ಒಟ್ಟು 1,35,000. ಇದನ್ನು ಯಂತ್ರದ ಬೆಲೆಯ ಜೊತೆಗೇ ಮೊದಲ ದಿನದ ಹೊರಹರಿವಿಗೆ ಬರೆಯಿರಿ.

‘ಹಾಳೆಯ ಖರ್ಚನ್ನು ಆಗಲೇ ವರ್ಷದ ಖರ್ಚಿನಲ್ಲಿ ಕಳೆದಿದ್ದೇವಲ್ಲ, ಮತ್ತೆ ಏಕೆ?’ ಎಂದು ತಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ. ವರ್ಷದ ಖರ್ಚಿನಲ್ಲಿ ಕಳೆದದ್ದು ತಟ್ಟೆಯಾಗಿ ಮಾರಿಹೋದ ಹಾಳೆಯ ಬೆಲೆ. ಅಟ್ಟದಲ್ಲಿರುವುದು ಇನ್ನೂ ತಟ್ಟೆಯಾಗದ ಹಾಳೆ. ಈ ರಾಶಿ ಕರಗಿ ಮತ್ತೆ ತುಂಬುತ್ತದೆ. ವರ್ಷದ ಕೊನೆಗೆ ನಿಂತು ನೋಡಿದರೆ ಅದು ಅಷ್ಟೇ ಇರುತ್ತದೆ, ಯಂತ್ರ ನಿಲ್ಲುವ ದಿನವೇ ಪೂರ್ತಿ ಹಣವಾಗುವುದು. ಈ ಕಾರಣಕ್ಕೇ ಅದರ ಮೇಲೆ ಸವಕಳಿ ಇಲ್ಲ, ಕೂಡಿಡುವಾಗ ತೆರಿಗೆ ಕಡಿತವೂ ಇಲ್ಲ.

ಪ್ರತಿ ವರ್ಷವೂ 1,35,000 ಕಳೆಯಬಾರದು. ಕಳೆಯಬೇಕಾದ್ದು ಹೆಚ್ಚಳವನ್ನು ಮಾತ್ರ. ಹಾಳೆಯ ಬೆಲೆಯೂ ತಟ್ಟೆಯ ಬೆಲೆಯೂ 10 ಶೇಕಡಾ ಏರಿದರೆ ಅದೇ ರಾಶಿ ಇಡಲು 1,48,500 ಬೇಕು. ಆ ವರ್ಷ ಬರೆಯಬೇಕಾದದ್ದು 13,500. ನಾನು ಈ ಲೆಕ್ಕದಲ್ಲಿ ಬೆಲೆಗಳನ್ನು ಏರಿಸಿಲ್ಲ, ಆದ್ದರಿಂದ ನಡುವಿನ ವರ್ಷಗಳಲ್ಲಿ ಸೊನ್ನೆ.

ಕೊನೆಯ ವರ್ಷ ಈ ಹಣ ಮರಳಿ ಬರುತ್ತದೆ, ಆದರೆ ಪೂರ್ತಿ ಬರುತ್ತದೆಂದು ಬರೆಯುವುದು ಧೈರ್ಯದ ಮಾತು. ರಾಶಿಯ ಅಡಿಯ ಕಟ್ಟುಗಳು ಹಾಳಾಗಿರುತ್ತವೆ, ಒಬ್ಬಿಬ್ಬರು ವ್ಯಾಪಾರಿಗಳ ಬಾಕಿ ವಸೂಲಾಗುವುದಿಲ್ಲ. ಆ ನಷ್ಟದಿಂದ ಉಳಿಯುವ ತೆರಿಗೆಯೂ ಸೇರಿ 1,20,000 ಕೈಗೆ ಬರುತ್ತದೆಂದು ಹಿಡಿದೆವು.

ಒಂದೇ ಸಾಲಿಗೆ ತರುವುದು

ಮೊದಲ ದಿನ: ಯಂತ್ರ 4,00,000, ದುಡಿಯುವ ಬಂಡವಾಳ 1,35,000, ಒಟ್ಟು 5,35,000 ಹೊರಗೆ. ಒಂದರಿಂದ ನಾಲ್ಕನೆಯ ವರ್ಷದವರೆಗೆ 1,21,088ಕ್ಕೆ ಆಯಾ ವರ್ಷದ ತೆರಿಗೆ ಉಳಿತಾಯ ಕೂಡಿಸಿದ ಮೊತ್ತ. ಐದನೆಯ ವರ್ಷ ಅದರ ಜೊತೆಗೆ ಯಂತ್ರ ಮಾರಿದ 60,000, ಸವಕಳಿಯ ಬಾಲ 20,364, ಮರಳಿದ 1,20,000. ಕಂಪ್ಯೂಟರಿನ ಹಾಳೆಯಲ್ಲಿ ಹೀಗೆ:

```
B3: -535000
C3: 139808   D3: 137000   E3: 134613
F3: 132584   G3: 331224
=B3+NPV(12%,C3:G3)
```

`NPV` ಎಂಬುದು ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ಸೂತ್ರ. ಅದು ಒಳಗೆ ಕೊಟ್ಟ ಮೊದಲ ಮೊತ್ತವನ್ನು ಒಂದು ವರ್ಷದ ನಂತರದ್ದೆಂದು ತಿಳಿಯುತ್ತದೆ. ಹಾಗಾಗಿ `B3` ಅನ್ನು ಆವರಣದ ಹೊರಗಿಡಬೇಕು. ಒಳಗೆ ಸೇರಿಸಿದರೆ ಇಡೀ ಸಾಲು ಒಂದು ವರ್ಷ ಮುಂದಕ್ಕೆ ಸರಿದು ಉತ್ತರ ಕುಗ್ಗುತ್ತದೆ. ಸರಿಯಾದ ಉತ್ತರ ಸುಮಾರು 67,000. 12 ಶೇಕಡಾ ಪ್ರತಿಫಲ ಕೊಟ್ಟ ಮೇಲೂ ಇವತ್ತಿನ ಬೆಲೆಯಲ್ಲಿ ಅಷ್ಟು ಮಿಗುತ್ತದೆ.

ಈಗ ಇಬ್ಬರ ತಪ್ಪುಗಳ ತೂಕ ನೋಡಬಹುದು. ಪ್ರಯೋಗದ 60,000ವನ್ನು ಸೇರಿಸಿದರೆ 67,000 ಕುಗ್ಗಿ 7,000 ಆಗುತ್ತದೆ. ಶೆಡ್ಡಿನ 1,50,000ವನ್ನೂ ಸೇರಿಸಿದರೆ ನೇರ ನಷ್ಟ. ವರದಿ ಬೇಡವೆಂದದ್ದು ಇದರಿಂದಲೇ. ತಮ್ಮನಂತೆ ದುಡಿಯುವ ಬಂಡವಾಳವನ್ನು ಬಿಟ್ಟರೆ ಉತ್ತರ 1,34,000ಕ್ಕೆ ಏರುತ್ತದೆ, ಅಂದರೆ ನಿಜದ ಎರಡು ಪಟ್ಟು. 1,35,000 ಹಾಕಿ 1,20,000 ಮರಳಿ ಪಡೆದರೆ ಹೋದದ್ದು 15,000 ಎಂದು ಅನಿಸುತ್ತದೆ, ಆದರೆ ಐದು ವರ್ಷ ಬಿಟ್ಟು ಬರುವ 1,20,000ದ ಇವತ್ತಿನ ಬೆಲೆ 68,000 ಮಾತ್ರ. ಅಟ್ಟದ ಹಾಳೆಗೆ ನಿಜವಾಗಿ ತೆತ್ತದ್ದು ಆ ವ್ಯತ್ಯಾಸವನ್ನು, 67,000ವನ್ನು.

ಕಡೆಯದಾಗಿ ತಟ್ಟೆಯ ಬೆಲೆಯನ್ನು ಇಳಿಸುತ್ತಾ ನೋಡಿದೆವು. ವರ್ಷದ ಆದಾಯ 27,000 ಕುಗ್ಗಿದರೆ ಮಿಗುವ 67,000 ಪೂರ್ತಿ ಕರಗುತ್ತದೆ. 1,50,000 ತಟ್ಟೆಗೆ ಹಂಚಿದರೆ ತಟ್ಟೆಗೆ 18 ಪೈಸೆ. 3.50 ಇರುವುದು 3.32ಕ್ಕೆ ಇಳಿದರೆ ಯಂತ್ರ ತರಬಾರದು. ಅಣ್ಣ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡರು. ಯಂತ್ರದ ಆರ್ಡರ್ ಕೊಡುವ ಮೊದಲು ಮಂಗಳೂರಿಗೆ ಹೋಗಿ, ದೊಡ್ಡ ವ್ಯಾಪಾರಿಗಳಿಬ್ಬರಲ್ಲಿ ಮುಂದಿನ ವರ್ಷದ ದರವನ್ನು ಬರಹದಲ್ಲಿ ಕೇಳುವುದೆಂದು ಇಬ್ಬರೂ ತೀರ್ಮಾನಿಸಿದರು.